ಅಮ್ಮನ ಔಷಧ ಚೀಟಿಗಳಿಗಾಗಿ ಮೂರು ದಾರಿ ನೋಡಿದೆ

ಅಮ್ಮ ತಿಪಟೂರಿನಲ್ಲಿದ್ದಾರೆ, ನಾನು ಬೆಂಗಳೂರಿನಲ್ಲಿ. ಅವರಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ, ಆರು ವರ್ಷಗಳಿಂದ ಬಿ.ಪಿ. ಎಂಟು ತಿಂಗಳಿನಿಂದ ಅವರ ವೈದ್ಯರ ಭೇಟಿಯನ್ನೂ ಕಾಗದಪತ್ರಗಳನ್ನೂ ಮೊಬೈಲ್‌ನಲ್ಲೇ ನೋಡಿಕೊಳ್ಳುತ್ತಿದ್ದೇನೆ. ಹಲವು ಆಸ್ಪತ್ರೆಗಳ ವೈದ್ಯರನ್ನು ಒಂದೆಡೆ ತೋರಿಸುವ ಖಾಸಗಿ ಆ್ಯಪ್, ಅಮ್ಮ ಹೋಗುವ ಆಸ್ಪತ್ರೆಯದೇ ಆ್ಯಪ್, ಮನೆಯಿಂದಲೇ ವೈದ್ಯರೊಂದಿಗೆ ಮಾತನಾಡಿಸುವ ಸರ್ಕಾರದ ಇ-ಸಂಜೀವಿನಿ, ಈ ಮೂರನ್ನೂ ಬಳಸಿದ್ದೇನೆ.

ಸಮಯ ಕಾಯ್ದಿರಿಸುವುದರಲ್ಲಿ ಖಾಸಗಿ ಆ್ಯಪ್ ಎಲ್ಲಕ್ಕಿಂತ ವೇಗ. ರಾತ್ರಿ ಒಂಬತ್ತಕ್ಕೆ ಹುಡುಕಿದರೂ ಅರ್ಧ ಗಂಟೆಯಲ್ಲಿ ವಿಡಿಯೊದಲ್ಲಿ ವೈದ್ಯರು ಸಿಕ್ಕಿದರು. ಆದರೆ ಮೊದಲ ಸಲವೇ ಎಡವಿದೆ. ಖಾತೆ ನನ್ನ ಹೆಸರಿನಲ್ಲಿತ್ತು. ‘ಯಾರಿಗಾಗಿ’ ಎಂಬಲ್ಲಿ ಅಮ್ಮನ ಹೆಸರು ಸೇರಿಸದೆ ಮುಂದೆ ಹೋಗಿದ್ದೆ. ಚೀಟಿ ನನ್ನ ಹೆಸರು, ನನ್ನ ವಯಸ್ಸಿನೊಂದಿಗೆ ಬಂತು. ಔಷಧಿ ಅಂಗಡಿಯವರು, “ಇದರಲ್ಲಿ ನಿಮ್ಮ ಹೆಸರಿದೆಯಲ್ಲ ಮೇಡಂ, ಅಮ್ಮನವರ ಚೀಟಿ ಕೊಡಿ” ಎಂದು ಹಿಂದಿರುಗಿಸಿದರು. ಅವರು ಮಾಡಿದ್ದು ಸರಿ. ಅದಕ್ಕಿಂತ ದೊಡ್ಡ ತೊಂದರೆ, ಅಮ್ಮನ ಆರು ರಿಪೋರ್ಟ್‌ಗಳು ನನ್ನ ಕಡತದಲ್ಲಿ ಸೇರಿಹೋಗಿದ್ದವು. ಅವುಗಳನ್ನು ಅಮ್ಮನ ಕಡತಕ್ಕೆ ಸಾಗಿಸುವ ಗುಂಡಿಯೇ ಇರಲಿಲ್ಲ. ಒಂದೊಂದನ್ನೂ ಇಳಿಸಿಕೊಂಡು ಮತ್ತೆ ಏರಿಸಬೇಕಾಯಿತು.

ಎರಡನೆಯ ಸಲ ಎಲ್ಲವೂ ಸರಿಯಾಗಿತ್ತು, ಆದರೂ ಬಂದ ಕೆಲಸ ಆಗಲಿಲ್ಲ. ಅಮ್ಮನ ಬಿ.ಪಿ. ಒಂದು ಮಾತ್ರೆಗೆ ಬಗ್ಗುತ್ತಿರಲಿಲ್ಲ. ಇನ್ನೊಂದನ್ನು ಸೇರಿಸಬಹುದೇ ಎಂದು ಕೇಳಿದಾಗ ಆ್ಯಪ್‌ನಲ್ಲಿ ಸಿಕ್ಕ ವೈದ್ಯರು, ಮೊದಲಿನಿಂದ ನೋಡುತ್ತಿರುವ ವೈದ್ಯರನ್ನೇ ಕೇಳಿ ಎಂದರು. ಮೊದಲು ಬೇಸರವಾಯಿತು, ಕಾರಣ ಆಮೇಲೆ ತಿಳಿಯಿತು. 2020ರ ಮಾರ್ಚ್‌ನಲ್ಲಿ ಹೊರಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ, ಹಳೆಯ ಕಾಯಿಲೆಗೆ ಹೊಸ ಮಾತ್ರೆ ಸೇರಿಸುವುದು ‘ಮುಂದುವರಿದ ಭೇಟಿ’ಯಲ್ಲಿ ಆಗುವ ಕೆಲಸ. ಅದೇ ಕಾಯಿಲೆಗಾಗಿ ಆರು ತಿಂಗಳೊಳಗೆ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ನೋಡಿದ ವೈದ್ಯರೊಂದಿಗೆ ನಡೆದರೆ ಅದು ಮುಂದುವರಿದ ಭೇಟಿ. ಹೊಸಬರೊಂದಿಗೆ ಎಷ್ಟು ಚೆನ್ನಾಗಿ ಮಾತನಾಡಿದರೂ ಅದು ಮೊದಲ ಭೇಟಿಯೇ.

ಆಸ್ಪತ್ರೆಯ ಆ್ಯಪ್ ಗೆದ್ದದ್ದು ಇಲ್ಲಿ. ಅದು ನಿಧಾನ, ನಮ್ಮ ವೈದ್ಯರು ವಿಡಿಯೊಗೆ ಸಿಗುವುದು ವಾರಕ್ಕೆ ಎರಡು ಮಧ್ಯಾಹ್ನ ಮಾತ್ರ. ಆದರೆ ಅವರು ನಾಲ್ಕು ತಿಂಗಳ ಹಿಂದಷ್ಟೇ ಅಮ್ಮನನ್ನು ಎದುರಿಗೆ ಕಂಡಿದ್ದರು, ಎರಡನೆಯ ಮಾತ್ರೆ ಬರೆದರು. ಜೊತೆಗೆ ಅಲ್ಲಿನ ಪ್ರಯೋಗಾಲಯದ ಫಲಿತಾಂಶಗಳು ತಾವಾಗಿಯೇ ಅಮ್ಮನ ಕಡತಕ್ಕೆ ಬಂದು ಕೂರುತ್ತವೆ. ಮೂತ್ರಪಿಂಡದ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ಅಂಶ ಮೂರು ರಿಪೋರ್ಟ್‌ಗಳಲ್ಲಿ ಸಾಲಾಗಿ ಕಂಡಿತು: 0.8, 1.0, 1.2. ಕೊನೆಯದನ್ನಷ್ಟೇ ನೋಡಿದ್ದರೆ ತುಸು ಹೆಚ್ಚಿದೆ ಎಂದು ಯಾರಾದರೂ ಬಿಟ್ಟುಬಿಡುತ್ತಿದ್ದರು. ಸಾಲಾಗಿ ನೋಡಿದ ವೈದ್ಯರು ಮೂತ್ರಪಿಂಡದ ಪರೀಕ್ಷೆಯನ್ನು ಮತ್ತೆ ಮಾಡಿಸಲು ಹೇಳಿದರು, ಏಕೆಂದರೆ ಅಮ್ಮ ಸಕ್ಕರೆಗೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಮಾತ್ರೆ ಎಷ್ಟಿರಬೇಕು ಎಂಬುದು ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿದೆ ಎಂಬುದರ ಮೇಲೆ ನಿಂತಿದೆ. ಈ ಆ್ಯಪ್‌ನ ಕೊರತೆ ಒಂದೇ, ಆದರೆ ಚಿಕ್ಕದಲ್ಲ: ಹೊರಗಿನ ಪ್ರಯೋಗಾಲಯದ ರಿಪೋರ್ಟ್ ಸೇರಿಸಲು ಜಾಗವಿಲ್ಲ.

ಇ-ಸಂಜೀವಿನಿಗೆ ದುಡ್ಡಿಲ್ಲ. ಮೊಬೈಲ್ ಸಂಖ್ಯೆಗೆ ಬರುವ ಒಟಿಪಿಯಿಂದ ನೋಂದಣಿ, ಟೋಕನ್, ಸರದಿ, ಕೊನೆಗೆ ಚೀಟಿಯ ಪಿಡಿಎಫ್. ಜ್ವರ, ಕೆಮ್ಮು, ಚರ್ಮದ ತುರಿಕೆಯಂಥದ್ದಕ್ಕೆ ನಾನು ಮೊದಲು ಇದನ್ನೇ ತೆರೆಯುತ್ತೇನೆ. ನಮ್ಮವರೇ ಆದ ವೈದ್ಯರು ಬೇಕೆಂದರೆ ಇದು ಅದಕ್ಕಾಗಿ ಕಟ್ಟಿದ ವ್ಯವಸ್ಥೆಯಲ್ಲ.

ಎಲ್ಲ ಕಾಗದವನ್ನೂ ಒಂದೆಡೆ ತರುತ್ತದೆ ಎಂದು ಸರ್ಕಾರದ ಡಿಜಿಟಲ್ ಆರೋಗ್ಯ ಗುರುತಾದ ಆಭಾ ಸಂಖ್ಯೆಯ ಮೇಲೆ ಬಹಳ ಆಸೆಯಿಟ್ಟಿದ್ದೆ. 14 ಅಂಕಿಯ ಈ ಸಂಖ್ಯೆ ಮಾಡಿಸಿದ ಮಾತ್ರಕ್ಕೆ ಹಳೆಯ ದಾಖಲೆಗಳು ಓಡಿ ಬರುವುದಿಲ್ಲ. ದಾಖಲೆ ಆಸ್ಪತ್ರೆಯಲ್ಲೇ ಇರುತ್ತದೆ. ಆ ಆಸ್ಪತ್ರೆ ವ್ಯವಸ್ಥೆಗೆ ಸೇರಿರಬೇಕು, ಭೇಟಿಯನ್ನು ನಿಮ್ಮ ಸಂಖ್ಯೆಗೆ ಜೋಡಿಸಿರಬೇಕು. ಬೇರೆ ವೈದ್ಯರು ನೋಡಬೇಕಾದರೆ ಯಾವ ಬಗೆಯ ದಾಖಲೆ, ಯಾವ ದಿನಾಂಕದಿಂದ ಯಾವುದರವರೆಗೆ ಎಂದು ನೀವು ಒಪ್ಪಿಗೆ ಕೊಡುತ್ತೀರಿ, ಆ ಒಪ್ಪಿಗೆಯನ್ನು ಹಿಂಪಡೆಯಲೂಬಹುದು. ಈ ಭಾಗ ನನಗೆ ನಿಜವಾಗಿಯೂ ಹಿಡಿಸಿತು. ಹಿರಿಯರಿಗೆ ಮಾಡಿಸುವ ಮುನ್ನ ಅವರ ಆಧಾರ್‌ಗೆ ಯಾವ ಮೊಬೈಲ್ ಜೋಡಣೆಯಾಗಿದೆ ಎಂದು ನೋಡಿ. ಆಧಾರ್ ಒಟಿಪಿ ಅದಕ್ಕೇ ಹೋಗುತ್ತದೆ. ಅಮ್ಮನದು ಎಂದೋ ಬಿಟ್ಟ ಸಂಖ್ಯೆಯಾಗಿತ್ತು.

ಈಗ ಸಕ್ಕರೆ, ಬಿ.ಪಿ.ಗೆ ಆಸ್ಪತ್ರೆಯ ಆ್ಯಪ್, ಸಣ್ಣಪುಟ್ಟದ್ದಕ್ಕೆ ಇ-ಸಂಜೀವಿನಿ. ಖಾಸಗಿ ಆ್ಯಪ್ ಇನ್ನೂ ಮೊಬೈಲ್‌ನಲ್ಲಿದೆ, ತುರ್ತಿಗೆ ಯಾರೂ ಸಿಗದ ರಾತ್ರಿಗೆಂದು. ಹೊರಗಿನ ರಿಪೋರ್ಟ್‌ಗಳನ್ನು ಫೋಟೊ ತೆಗೆಯುವುದು ಬಿಟ್ಟು ಪ್ರಯೋಗಾಲಯದಿಂದಲೇ ಪಿಡಿಎಫ್ ಕೇಳಿ, `2025-03-12-creatinine.pdf` ಎಂಬಂತೆ ದಿನಾಂಕ ಮುಂದಿಟ್ಟು ಹೆಸರಿಡುತ್ತೇನೆ. ಅಮ್ಮನ ಹೆಸರಿನ ಒಂದೇ ಫೋಲ್ಡರ್ ನನ್ನ ಮೊಬೈಲ್‌ನಲ್ಲೂ ತಮ್ಮನ ಮೊಬೈಲ್‌ನಲ್ಲೂ ಇದೆ.