‘ಸ್ವಲ್ಪ ನೋಡಿ ಸಾರ್’ ಎಂದಷ್ಟೇ ಹೇಳಿ ಕಳಿಸಿದ ರೆಸ್ಯೂಮೆ: ಒಂದು ತಿದ್ದುವ ಸೇವೆಯನ್ನು ಎರಡು ವರ್ಷ ಬಳಸಿದ ಮೇಲೆ

ಬಸವನಗುಡಿ ಕಡೆ ಇಬ್ಬರೇ ನಡೆಸುವ ಸಣ್ಣ ಸೇವೆ ಇದು. ವಾಟ್ಸ್‌ಆಪ್‌ನಲ್ಲಿ ಫೈಲ್ ಹಾಕಿದರೆ ಮೂರು ದಿನದೊಳಗೆ ವಾಪಸ್ ಬರುತ್ತದೆ. ದರಪಟ್ಟಿಯಲ್ಲಿ ಮೂರು ಸಾಲುಗಳಿವೆ: ತಪ್ಪು ತಿದ್ದಲು 400 ರೂಪಾಯಿ, ಒಂದು ನಿರ್ದಿಷ್ಟ ಕೆಲಸದ ಜಾಹೀರಾತಿಗೆ ಹೊಂದಿಸಲು 900, ಮುಲಾಜಿಲ್ಲದೆ ಅಭಿಪ್ರಾಯ ಹೇಳಲು 1,200. ಡಿಪ್ಲೊಮಾ ಓದಿದ ಹಳೆಯ ವಿದ್ಯಾರ್ಥಿಗಳ ಬಳಗದಿಂದ ಎರಡು ವರ್ಷದಲ್ಲಿ ಅರವತ್ತರ ಹತ್ತಿರ ರೆಸ್ಯೂಮೆ ಇಲ್ಲಿಗೆ ಹೋಗಿವೆ. ಹೆಚ್ಚಿನವು ಪೀಣ್ಯ, ಬೊಮ್ಮಸಂದ್ರದ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರದ್ದು.

ದರಪಟ್ಟಿ ಸ್ಪಷ್ಟವಾಗಿದೆ, ಕಳಿಸುವವರು ಸ್ಪಷ್ಟವಾಗಿಲ್ಲ. ಫೈಲ್ ಬರುತ್ತದೆ, ಕೆಳಗೆ ‘ಸ್ವಲ್ಪ ನೋಡಿ ಸಾರ್’. ಏನನ್ನು ನೋಡಬೇಕು? ಕಾಗುಣಿತವನ್ನೋ, ಕೆಲಸಕ್ಕೆ ಹೊಂದುತ್ತದೆಯೋ ಎಂಬುದನ್ನೋ, ಅಥವಾ ಆರು ತಿಂಗಳಿಂದ ಒಂದೂ ಕರೆ ಬಾರದಿರುವುದು ಯಾಕೆ ಎಂಬುದನ್ನೋ? ಇಂಥ ಫೈಲನ್ನು ಈ ಸೇವೆ ಹೇಗೆ ನಿಭಾಯಿಸುತ್ತದೆ ಎಂಬುದರ ಬಗ್ಗೆಯೇ ಈ ವಿಮರ್ಶೆ. ಗುರಿ ಬರೆದು ಕಳಿಸಿದ ರೆಸ್ಯೂಮೆಯನ್ನು ಯಾರು ಬೇಕಾದರೂ ಒಂದು ಮಟ್ಟಕ್ಕೆ ಸರಿಮಾಡಿಯಾರು.

ಮೊದಲ ಏಳೆಂಟು ತಿಂಗಳು ಇವರು ಊಹೆ ಮಾಡುತ್ತಿದ್ದರು. ಊಹೆಗೆ ಇಟ್ಟುಕೊಂಡಿದ್ದ ಗುರುತುಗಳು ಕೇಳಲು ಸರಿಯಾಗಿಯೇ ಇವೆ. ವರ್ಡ್ ಫೈಲ್ ಬಂದರೆ ಒಳಗೆ ಕೈಹಾಕಿ ತಿದ್ದಲಿ ಎಂದರ್ಥ, ಪಿಡಿಎಫ್ ಬಂದರೆ ಓದಿ ಅಭಿಪ್ರಾಯ ಹೇಳಲಿ ಎಂದರ್ಥ. ಫೈಲಿನ ಹೆಸರಿನಲ್ಲಿ ಕಂಪನಿಯ ಹೆಸರಿದ್ದರೆ ಒಂದು ಕೆಲಸ ಕಣ್ಣಮುಂದಿದೆ. ಇದರಲ್ಲಿ ಪಿಡಿಎಫ್ ಲೆಕ್ಕ ನಮ್ಮೂರಲ್ಲಿ ನಡೆಯುವುದಿಲ್ಲ. ಎಷ್ಟೋ ರೆಸ್ಯೂಮೆಗಳು ಹುಟ್ಟುವುದೇ ಸೈಬರ್ ಸೆಂಟರಿನಲ್ಲಿ. ವರ್ಡ್ ಫೈಲ್ ಅಲ್ಲಿನ ಕಂಪ್ಯೂಟರಿನಲ್ಲೇ ಉಳಿದು, ಇವರ ಫೋನಿಗೆ ಬಂದದ್ದು ಪಿಡಿಎಫ್ ಒಂದೇ. ಕಳಿಸಲು ಅದನ್ನು ಬಿಟ್ಟು ಬೇರೆ ಇರುವುದಿಲ್ಲ, ಹಾಗಾಗಿ ಅದರಿಂದ ಅವರ ಮನಸ್ಸು ತಿಳಿಯುವುದೂ ಇಲ್ಲ.

ನಂಬಬಹುದಾದ ಗುರುತು ಕೊನೆಯ ಪುಟದ ಬುಡದಲ್ಲಿರುತ್ತದೆ. ‘ಮೇಲೆ ಹೇಳಿದ್ದೆಲ್ಲ ಸತ್ಯ’ ಎನ್ನುವ ಡಿಕ್ಲರೇಷನ್ ಈಗ ಯಾರಿಗೂ ಬೇಕಿಲ್ಲ, ಆದರೂ ನಮ್ಮವರು ಬಿಡುವುದಿಲ್ಲ. ಅದರ ಕೆಳಗೆ ‘ಸ್ಥಳ: ಬೆಂಗಳೂರು’ ಇದ್ದು ದಿನಾಂಕ ಖಾಲಿ ಇದ್ದರೆ, ಪ್ರಿಂಟ್ ತೆಗೆದು ಸಹಿ ಹಾಕಿ ವಾಕ್‌ಇನ್‌ಗೆ ಒಯ್ಯುವ ಯೋಚನೆ ಇದೆ, ಸಮಯವಿಲ್ಲ. ಮೂರು ವರ್ಷ ಹಳೆಯ ದಿನಾಂಕವಿದ್ದರೆ ಹಳೆಯ ಫೈಲಿಗೇ ಎರಡು ಸಾಲು ಸೇರಿಸಿ ಕಳಿಸಿದ್ದಾರೆ, ಅದನ್ನು ಇಡಿಯಾಗಿ ಮರುಬರೆಯಬೇಕಾದೀತು. ಈ ಒಂದು ಗುರುತು ಬಹಳ ಸಲ ಸರಿಹೋಗಿದೆ. ಆದರೂ ಅದು ಊಹೆಯೇ.

ಊಹೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ರೆಸ್ಯೂಮೆಯನ್ನು ಹತ್ತಿರದಿಂದ ನೋಡಬಹುದು. ಪೀಣ್ಯದಲ್ಲಿ ಲೇತ್ ಕೆಲಸದ ಬಿಡಿಭಾಗ ಮಾಡುವ ಕಾರ್ಖಾನೆಯ ಕ್ವಾಲಿಟಿ ಇನ್‌ಸ್ಪೆಕ್ಟರ್, ಆರು ವರ್ಷದ ಅನುಭವ, ಎರಡು ಪುಟ, ಪಿಡಿಎಫ್, ದಿನಾಂಕ ಖಾಲಿ. ಸೇವೆಯವರು ಇದನ್ನು ತಿದ್ದುವ ಕೆಲಸ ಎಂದು ಹಿಡಿದರು. ಸಿಕ್ಕ ತಪ್ಪುಗಳಲ್ಲಿ ಒಂದು ಸ್ವಾರಸ್ಯದ್ದು: ಇಂಗ್ಲಿಷಿನ ‘ಮ್ಯಾನೇಜರ್’ ಪದದಲ್ಲಿ ನಡುವಿನ ‘ಎ’ ಬಿಟ್ಟುಹೋಗಿ, ಅದು ದನಕ್ಕೆ ಹುಲ್ಲು ಹಾಕುವ ಗೋದಲಿಯಾಗಿತ್ತು. ಗೋದಲಿಯೂ ಸರಿಯಾದ ಪದವೇ ಆದ್ದರಿಂದ ಸ್ಪೆಲ್‌ಚೆಕ್ ಸುಮ್ಮನಿತ್ತು. ಅದನ್ನು ಹಿಡಿದರು, ಅಲ್ಪವಿರಾಮಗಳನ್ನು ಸರಿಮಾಡಿದರು, ‘ಇಂದಿನವರೆಗೆ’ ಎಂಬುದನ್ನು ಎಲ್ಲ ಕಡೆ ಒಂದೇ ರೀತಿ ಬರೆದರು.

ಉಳಿದದ್ದು ಇದು. ಸಲಕರಣೆಗಳ ಪಟ್ಟಿಯಲ್ಲಿ ವರ್ನಿಯರ್ ಕ್ಯಾಲಿಪರ್‌ನ ಲೀಸ್ಟ್ ಕೌಂಟ್, ಅಂದರೆ ಅದು ಅಳೆಯಬಲ್ಲ ಅತಿ ಚಿಕ್ಕ ಅಳತೆ, 0.01 ಮಿಮೀ, ಮೈಕ್ರೋಮೀಟರ್‌ನದ್ದು 0.02 ಮಿಮೀ ಎಂದಿತ್ತು. ಶಾಪ್‌ನಲ್ಲಿ ಸಾಮಾನ್ಯವಾಗಿ ಕೈಗೆ ಸಿಗುವ ವರ್ನಿಯರ್ 0.02ರದ್ದು, ಮೈಕ್ರೋಮೀಟರ್ 0.01ರದ್ದು. ಎರಡು ಅಂಕಿಗಳು ಅದಲುಬದಲಾಗಿವೆ, ಅಷ್ಟೇ. ಆದರೆ ಅಳತೆಯೇ ಕಸುಬಾದವನ ರೆಸ್ಯೂಮೆಯಲ್ಲಿ ಇದನ್ನು ಕಂಡ ಕ್ವಾಲಿಟಿ ಮುಖ್ಯಸ್ಥ ಮುಂದಿನ ಸಾಲಿಗೆ ಹೋಗುವುದು ಅನುಮಾನ. ಭಾಷೆ ಮಾತ್ರ ಬಲ್ಲವರ ಕಣ್ಣಿಗೆ ಈ ತಪ್ಪು ಬೀಳುವುದಿಲ್ಲ. ಜೊತೆಗೆ, ಮೊದಲ ಕೆಲಸ 2021ರ ಮಾರ್ಚ್‌ಗೆ ಮುಗಿದು ಎರಡನೆಯದು ಸೆಪ್ಟೆಂಬರ್‌ನಲ್ಲಿ ಶುರುವಾಗಿತ್ತು. ನಡುವಿನ ಐದು ತಿಂಗಳ ಬಗ್ಗೆ ಒಂದು ಅಕ್ಷರವೂ ಇರಲಿಲ್ಲ. ದಿನಾಂಕಗಳ ಶೈಲಿ ತಿದ್ದಿದವರು ಆ ಖಾಲಿ ಜಾಗವನ್ನು ಹಾಗೇ ದಾಟಿಕೊಂಡು ಹೋಗಿದ್ದರು.

ಬರೀ ತಿದ್ದಿಕೊಡುವುದರಿಂದ ನಷ್ಟವೇನಿಲ್ಲ ಎಂದು ಅನಿಸುತ್ತದೆ. ನಷ್ಟವಿದೆ. ಅಚ್ಚುಕಟ್ಟಾಗಿ ತಿದ್ದಿದ ಪ್ರತಿ ಕೈಗೆ ಬಂದಾಗ ಕಳಿಸಿದವರು ‘ತಿಳಿದವರು ನೋಡಿದ್ದಾರೆ, ಉಳಿದದ್ದೆಲ್ಲ ಸರಿಯಿದೆ’ ಎಂದುಕೊಳ್ಳುತ್ತಾರೆ. ತಿದ್ದಿದವರು ಹಾಗೆ ಹೇಳಿರುವುದಿಲ್ಲ, ಆದರೆ ಏನನ್ನು ನೋಡಿಲ್ಲ ಎಂದೂ ಹೇಳಿರುವುದಿಲ್ಲವಲ್ಲ.

ಅದೇ ರೆಸ್ಯೂಮೆ ಎರಡನೆಯ ಸಲ ಹೋದಾಗ ಊಹೆ ಇನ್ನೊಂದು ಕಡೆಗೆ ಹೊರಳಿತು. ಜಾಬ್ ಪೋರ್ಟಲ್‌ನಿಂದ ಸಿಎಂಎಂ ಎಂಬ ಅಳತೆ ಯಂತ್ರದ ಆಪರೇಟರ್ ಕೆಲಸದ ಜಾಹೀರಾತೊಂದನ್ನು ತಾವೇ ಆರಿಸಿಕೊಂಡು ಅದಕ್ಕೆ ಹೊಂದಿಸಿದರು. ಅಂದರೆ ಅಳತೆ ಯಂತ್ರದ ಅನುಭವ ಮೇಲೆ ಬಂತು, ಶಿಫ್ಟ್‌ನಲ್ಲಿ ನಾಲ್ಕು ಇನ್‌ಸ್ಪೆಕ್ಟರುಗಳನ್ನು ನೋಡಿಕೊಂಡ ಸಾಲು ಜಾಗ ಸಾಲದೆ ಹೋಯಿತು. ಮೇಲಿನ ಹುದ್ದೆ ಬಯಸುವವನಿಗೆ ಬೇಕಾಗಿದ್ದದ್ದು ಆ ಸಾಲೇ. ಇಲ್ಲಿ ಒಂದು ಒಳ್ಳೆಯ ಕೆಲಸವೂ ಆಯಿತು, ಅದನ್ನು ಹೇಳದಿದ್ದರೆ ಅನ್ಯಾಯ. ಮೂಲದಲ್ಲಿ ‘ಗ್ರಾಹಕರಿಗೆ ಬೇಕಾದ ದಾಖಲೆ ತಯಾರಿ’ ಎಂದಿತ್ತು. ಇವರು ಫೋನ್ ಮಾಡಿ ಯಾವ ದಾಖಲೆ ಎಂದು ಕೇಳಿದಾಗ ಅದು ಪಿಪಿಎಪಿ ಎಂದು ಗೊತ್ತಾಯಿತು. ಹೊಸ ಭಾಗವನ್ನು ಗ್ರಾಹಕ ಕಂಪನಿ ಒಪ್ಪುವ ಮುನ್ನ ಕೇಳುವ, ಒಟ್ಟು 18 ಅಂಶಗಳಿರುವ ಕಡತ ಅದು. ವಾಹನ ಬಿಡಿಭಾಗದ ಕಂಪನಿಗಳು ರೆಸ್ಯೂಮೆಯಲ್ಲಿ ಹುಡುಕುವುದೇ ಆ ಪದವನ್ನು. ಹಾಗೆಂದು ‘ಪಿಪಿಎಪಿ ಮಾಡಿದ್ದೇನೆ’ ಎಂದು ಬರೆದರೆ ಇಂಟರ್‌ವ್ಯೂನಲ್ಲಿ 18ರ ಬಗ್ಗೆಯೂ ಕೇಳುತ್ತಾರೆ. ಈ ವ್ಯಕ್ತಿ ಮಾಡಿದ್ದು ಅಳತೆ ವರದಿ ಮತ್ತು ಅಳೆಯುವ ವ್ಯವಸ್ಥೆಯ ಪರೀಕ್ಷೆ, ಎರಡೇ. ‘ಪಿಪಿಎಪಿ ಕಡತಕ್ಕೆ ಅಳತೆ ವರದಿ ಮತ್ತು ಎಂಎಸ್‌ಎ ಸಿದ್ಧಪಡಿಸಿದ್ದು’ ಎಂದು ಬರೆದುಕೊಟ್ಟರು. ಹುಡುಕಿದರೆ ಪದ ಸಿಗುತ್ತದೆ, ಪ್ರಶ್ನೆ ಕೇಳಿದರೆ ಉತ್ತರವೂ ಇದೆ.

ನೇರ ಅಭಿಪ್ರಾಯದ ಪ್ರತಿಗಳಲ್ಲಿ ಇದ್ದ ದೋಷ ಬೇರೆ ಬಗೆಯದು. ಅಂಚಿನಲ್ಲಿ ನಲವತ್ತು ಕಾಮೆಂಟ್, ಎಲ್ಲ ಒಂದೇ ಬಣ್ಣದಲ್ಲಿ. ಅಲ್ಪವಿರಾಮದ ಪಕ್ಕದಲ್ಲೇ ‘ಆರು ವರ್ಷದಲ್ಲಿ ಏನು ಬದಲಾಯಿಸಿದಿರಿ ಎಂಬುದು ಎಲ್ಲೂ ಇಲ್ಲ, ಬರೀ ಕರ್ತವ್ಯಗಳ ಪಟ್ಟಿ ಇದೆ’ ಎಂಬ ಮಾತು. ಓದಿದವರು ಅಲ್ಪವಿರಾಮವನ್ನು ಸರಿಮಾಡುತ್ತಾರೆ, ಎರಡನೆಯದನ್ನು ನಾಳೆಗೆ ಬಿಡುತ್ತಾರೆ. ನಲವತ್ತರಲ್ಲಿ ಮೂವತ್ತೈದು ಮುಗಿಸಿದ ಸಮಾಧಾನದಲ್ಲಿ ಮುಖ್ಯವಾದ ಐದು ಹಾಗೇ ಉಳಿಯುತ್ತವೆ. ಅಲ್ಲದೆ, ಕಿತ್ತು ಹಾಕಬೇಕಾದ ಪ್ಯಾರಾಕ್ಕೆ ಅಲ್ಪವಿರಾಮ ಹಾಕುವುದೂ ದಂಡದ ಕೆಲಸವೇ.

ಎರಡನೆಯ ವರ್ಷ ಸೇವೆಯ ಕ್ರಮ ಬದಲಾಯಿತು. ಈಗಲೂ ಹಣ ಕೊಡುತ್ತಿರುವುದು ಆ ಕಾರಣಕ್ಕೇ. ಗುರಿಯಿಲ್ಲದೆ ಬಂದ ಫೈಲಿಗೆ ಅದೇ ದಿನ ಅರ್ಧ ಪುಟದ ಉತ್ತರ ಬರುತ್ತದೆ. ಅದರಲ್ಲಿ ಯಾವ ಗುರಿಯಿದ್ದರೂ ತಪ್ಪೇ ಆಗುವ ನಾಲ್ಕೈದು ಸಂಗತಿಗಳಿರುತ್ತವೆ: ಗೋದಲಿ, ಅದಲುಬದಲಾದ ಅಂಕಿ, ಫೋನ್ ನಂಬರಿನಲ್ಲಿ ಒಂಬತ್ತೇ ಅಂಕಿ, ಈ ಥರದವು. ಆಮೇಲೆ ಎಲ್ಲಕ್ಕಿಂತ ದೊಡ್ಡದೆನಿಸಿದ ಒಂದೇ ಒಂದು ಕೊರತೆ. ಅದರ ಕೆಳಗೆ ‘ಇನ್ನೂ ನೋಡಿಲ್ಲದ್ದು’ ಎಂದು ಒಂದು ಸಾಲು. ಕೊನೆಗೆ ಒಂದು ಪ್ರಶ್ನೆ.

ಆ ಪ್ರಶ್ನೆಯನ್ನು ಅವರು ರೂಪಿಸಿದ ರೀತಿ ಮೆಚ್ಚಬೇಕಾದ್ದು. ಮುಂಚೆ ‘ನಿಮಗೆ ಏನು ಬೇಕು?’ ಎಂದು ಕೇಳುತ್ತಿದ್ದರು. ಉತ್ತರ ಯಾವಾಗಲೂ ‘ಎಲ್ಲಾ ನೋಡಿ ಸಾರ್’. ತಿದ್ದುವುದಕ್ಕೂ ಹೊಂದಿಸುವುದಕ್ಕೂ ಇರುವ ವ್ಯತ್ಯಾಸ ದರಪಟ್ಟಿ ಬರೆದವರಿಗೆ ಗೊತ್ತು, ಕಳಿಸುವವರು ಅದನ್ನು ಯೋಚಿಸಿರುವುದೇ ಇಲ್ಲ. ಈಗ ಕೇಳುವುದು ಹೀಗೆ: ‘ಈ ಫೈಲ್ ಇಲ್ಲಿಂದ ಮುಂದೆ ಯಾರ ಕೈಗೆ ಹೋಗುತ್ತೆ, ಯಾವತ್ತು?’ ಇದಕ್ಕೆ ಎಲ್ಲರ ಹತ್ತಿರವೂ ಉತ್ತರವಿದೆ. ‘ಶನಿವಾರ ವಾಕ್‌ಇನ್’ ಎಂದರೆ ಬರೀ ತಿದ್ದುವ ಕೆಲಸ. ಜಾಹೀರಾತಿನ ಲಿಂಕ್ ಬಂದರೆ ಹೊಂದಿಸುವ ಕೆಲಸ. ‘ಗೊತ್ತಿಲ್ಲ, ಎಲ್ಲಾ ಕಡೆ ಹಾಕ್ತಾ ಇದೀನಿ, ಕರೆನೇ ಬರ್ತಿಲ್ಲ’ ಎಂದರೆ ಅಭಿಪ್ರಾಯ ಬೇಕು, ಕೇಳುವ ಧೈರ್ಯ ಬಂದಿಲ್ಲ.

ಪೀಣ್ಯದ ಆ ರೆಸ್ಯೂಮೆಗೆ ಮೂರನೆಯ ಸಲ ಬಂದ ಉತ್ತರ: ‘ಹಳೇ ಮ್ಯಾನೇಜರ್ ಬಿಡದಿಗೆ ಹೋಗಿದಾರೆ ಸಾರ್, ಕಳ್ಸು ಅಂದ್ರು.’ ಹಿಂದಿನ ಎರಡು ಊಹೆಯಲ್ಲಿ ಒಂದೂ ಇದಕ್ಕೆ ಹತ್ತಿರವಿರಲಿಲ್ಲ. ಓದುವವರಿಗೆ ಆ ಹುಡುಗನ ಕೆಲಸ ಗೊತ್ತು, ಐದು ತಿಂಗಳು ಖಾಲಿ ಇದ್ದದ್ದೂ ಗೊತ್ತು. ಅವರು ಅದನ್ನು ಹೆಚ್‌ಆರ್‌ಗೆ ಮುಂದೂಡಬೇಕು, ಅಷ್ಟೇ. ಆದ್ದರಿಂದ ಒಂದು ಪುಟಕ್ಕೆ ಇಳಿಸಿದರು, ನಾಲ್ಕು ಜನರ ಶಿಫ್ಟ್ ಮತ್ತು ಪಿಪಿಎಪಿ ಸಾಲುಗಳನ್ನು ಮೇಲೆ ತಂದರು, ಲೀಸ್ಟ್ ಕೌಂಟ್ ಸರಿಮಾಡಿದರು. ಮ್ಯಾನೇಜರ್ ಹಾಗೇ ಫಾರ್ವರ್ಡ್ ಮಾಡಬಹುದಾದ ಮೂರು ಸಾಲಿನ ಮೆಸೇಜನ್ನೂ ಬರೆದುಕೊಟ್ಟರು. ದರಪಟ್ಟಿಯಲ್ಲಿ ಇಂಥ ಕೆಲಸಕ್ಕೆ ಸಾಲೇ ಇಲ್ಲ. ತಿದ್ದುವ ದರ ಹಾಕಿದರು.

ತಕರಾರುಗಳೂ ಇವೆ. ಉತ್ತರ ಬಾರದಿದ್ದರೆ ಇವರೂ ಸುಮ್ಮನಾಗುತ್ತಾರೆ, ಎರಡನೆಯ ಸಲ ನೆನಪಿಸುವುದಿಲ್ಲ. ನಾಚಿಕೆ ಸ್ವಭಾವದ ಹುಡುಗರು ಅಲ್ಲೇ ಕೈಬಿಡುತ್ತಾರೆ. ಜಾಹೀರಾತು ಬದಲಾದರೆ ಮತ್ತೆ ಪೂರ್ತಿ 900 ಕೇಳುವುದು ಜಾಸ್ತಿಯಾಯಿತು, ಎರಡನೆಯ ಸಲ ಕೆಲಸ ಕಾಲುಭಾಗವೂ ಇರುವುದಿಲ್ಲ. ಎರಡು ಕಾಲಮ್ಮಿನ ಅಲಂಕಾರದ ವಿನ್ಯಾಸಕ್ಕೆ ಇವರೂ ಮರುಳಾಗುತ್ತಾರೆ. ಅಂಥ ಪ್ರತಿ ಬಂದಾಗ ಪಿಡಿಎಫ್‌ನ ಪಠ್ಯವನ್ನು ಪೂರ್ತಿ ಕಾಪಿ ಮಾಡಿ ನೋಟ್‌ಪ್ಯಾಡ್‌ನಲ್ಲಿ ಅಂಟಿಸಿ ನೋಡುವುದು ಒಳ್ಳೆಯದು. ಎಡ ಕಾಲಮ್ಮಿನ ಕೌಶಲ್ಯಗಳು ಬಲ ಕಾಲಮ್ಮಿನ ಅನುಭವದ ನಡುವೆ ಸೇರಿಕೊಂಡಿದ್ದರೆ ಕಂಪನಿಯ ಸಾಫ್ಟ್‌ವೇರ್ ಕೂಡ ಹಾಗೇ ಓದುವ ಸಾಧ್ಯತೆಯಿದೆ. ಕಾರ್ಖಾನೆ ಮತ್ತು ಐಟಿ ಬಿಟ್ಟು ಬೇರೆ ಕಸುಬು ಇವರಿಗೆ ಅಷ್ಟಕ್ಕಷ್ಟೇ. ನರ್ಸಿಂಗ್ ರೆಸ್ಯೂಮೆಯೊಂದರಲ್ಲಿ ಕೌನ್ಸಿಲ್ ನೋಂದಣಿ ಸಂಖ್ಯೆಯೇ ಇಲ್ಲದಿದ್ದದ್ದನ್ನು ಗಮನಿಸದೆ ಅಕ್ಷರ ತಿದ್ದಿ ಕಳಿಸಿದ್ದಾರೆ.

ಐದಕ್ಕೆ ನಾಲ್ಕು. ಕಳಿಸುವವರು ‘ಸ್ವಲ್ಪ ನೋಡಿ ಸಾರ್’ ಬದಲು ಯಾರಿಗೆ, ಯಾವತ್ತು, ಎಷ್ಟು ದಿನದಿಂದ ಕರೆ ಬಂದಿಲ್ಲ ಎಂಬ ಮೂರನ್ನು ಬರೆದರೆ ಒಂದು ದಿನ ಉಳಿಯುತ್ತದೆ. ವರ್ಡ್ ಫೈಲ್ ಸೈಬರ್ ಸೆಂಟರಿನಲ್ಲೇ ಇದ್ದರೆ ಮೊದಲು ಹೋಗಿ ಅದನ್ನು ಇಸಿದುಕೊಳ್ಳಿ. ಪಿಡಿಎಫ್‌ನಿಂದ ಮತ್ತೆ ಟೈಪ್ ಮಾಡಲು ಇವರು ಪುಟಕ್ಕೆ 100 ರೂಪಾಯಿ ಬೇರೆ ಹಾಕುತ್ತಾರೆ.