ಒಂಬತ್ತು ಪರ್ಸೆಂಟ್ ಅಂದರು, ಇಪ್ಪತ್ಮೂರು ದಾಟಿತು: ಕ್ರೆಡಿಟ್ ಕಾರ್ಡ್ ಕಂತಿನ ಬಗ್ಗೆ ಎಚ್ಚರ

ಕಾರ್ಡ್‌ನಲ್ಲಿ ಸಾಮಾನು ತೆಗೆದುಕೊಂಡ ಎರಡು ಮೂರು ವಾರದಲ್ಲಿ "ಸರ್, ಇದನ್ನು ಇಎಂಐ ಮಾಡಿಕೊಡ್ತೇವೆ" ಅಂತ ನಿಮಗೂ ಫೋನ್ ಬಂದಿರಬಹುದು. ಹ್ಞೂಂ ಅನ್ನುವ ಮುಂಚೆ ನನಗೆ ಆದದ್ದನ್ನು ಒಮ್ಮೆ ಓದಿ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಮಳೆ ಹಿಡಿಯಿತು ಅಂದರೆ ಲೈನಿನ ಮೇಲೆ ಮರ ಬೀಳುತ್ತದೆ, ಎರಡೆರಡು ದಿನ ಕರೆಂಟ್ ಇರುವುದಿಲ್ಲ. ಅಮ್ಮನಿಗೆ ಉಬ್ಬಸ. ರಾತ್ರಿ ಯಾವ ಹೊತ್ತಿಗೆ ಬೇಕಾದರೂ ನೆಬ್ಯುಲೈಸರ್ ಹಾಕಬೇಕಾಗುತ್ತದೆ. ಹಾಗಾಗಿ ಮೇ ಮೊದಲ ವಾರ ಪೇಟೆಗೆ ಹೋಗಿ ಇನ್ವರ್ಟರ್, ಎರಡು ದೊಡ್ಡ ಬ್ಯಾಟರಿ ತಂದೆ. 48,000 ರೂಪಾಯಿ. ಅಡಿಕೆ ದುಡ್ಡು ಕೈಗೆ ಬರುವುದು ಡಿಸೆಂಬರ್‌ಗೆ. ಅಲ್ಲಿಯವರೆಗೆ ಕಾರ್ಡ್ ಇದೆಯಲ್ಲ ಅಂತ ಉಜ್ಜಿದೆ.

ಬಿಲ್ ಬಂದ ಮೂರನೇ ದಿನ ಫೋನ್ ಬಂತು. ಹುಡುಗಿ ಚೆನ್ನಾಗಿಯೇ ಮಾತಾಡಿದಳು. "ಹನ್ನೆರಡು ತಿಂಗಳು, ತಿಂಗಳಿಗೆ 4,355. ಒಟ್ಟು ಬಡ್ಡಿ 4,261 ಅಷ್ಟೇ ಸರ್, ವರ್ಷಕ್ಕೆ ಒಂಬತ್ತು ಪರ್ಸೆಂಟ್ ಕೂಡ ಬೀಳಲ್ಲ" ಅಂದಳು. 48,000ಕ್ಕೆ 4,261 ಅಂದರೆ ಒಂಬತ್ತರ ಒಳಗೇ ಅಲ್ವಾ? ಮೊಬೈಲ್‌ನಲ್ಲಿ ಭಾಗಿಸಿ ನೋಡಿದೆ, ಸರಿ ಇತ್ತು. ಒಟಿಪಿ ಹೇಳಬೇಡಿ, ಮೆಸೇಜಿನಲ್ಲಿ ಬಂದ ಲಿಂಕ್‌ನಲ್ಲಿ ನೀವೇ ಹಾಕಿ ಅಂದಳು. ಹಾಕಿದೆ. ಆ ಮೆಸೇಜಿನಲ್ಲಿ ವರ್ಷಕ್ಕೆ ಶೇ 16 ಅಂತ ಬರೆದಿತ್ತು. ನಾನು ಕಂತಿನ ಮೊತ್ತ ಮಾತ್ರ ನೋಡಿ ಮುಂದೆ ಹೋದೆ.

ಜೂನ್ ಬಿಲ್ ತೆರೆದಾಗ 4,355 ಇರಲಿಲ್ಲ, 5,603 ಇತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ ಸಾಲು ಸಾಲಾಗಿ ಇತ್ತು. ಅಸಲು 3,715, ಬಡ್ಡಿ 640. ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 115. ಪ್ರೊಸೆಸಿಂಗ್ ಫೀ 48,000ಕ್ಕೆ ಶೇ 2ರಂತೆ 960. ಆ ಫೀ ಮೇಲೂ ಜಿಎಸ್‌ಟಿ 173.

ಬಿಲ್ ತೆಗೆದುಕೊಂಡು ನನ್ನ ಹೆಂಡತಿಯ ಅಣ್ಣನ ಹತ್ತಿರ ಹೋದೆ. ಅವರು ಒಂದು ಸಹಕಾರಿ ಸಂಘದಲ್ಲಿ ಸಾಲದ ಲೆಕ್ಕವನ್ನೇ ನೋಡುವವರು. ಕನ್ನಡಕ ಏರಿಸಿ ಓದಿ, "ಎಂತ ಮಾರಾಯಾ ಇದು, ಒಂಬತ್ತು ಅಂತ ನಂಬಿದ್ಯಾ?" ಅಂದರು. "ಭಾವ, ಭಾಗಿಸಿ ನೋಡಿದ್ದೆ" ಅಂದೆ. ಆಗ ಅವರು ಬಿಲ್ಲಿನ ಹಿಂದೆಯೇ ಬರೆದು ತೋರಿಸಿದರು. ಆ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು.

48,000 ರೂಪಾಯಿ ನನ್ನ ಹತ್ತಿರ ಇಡೀ ವರ್ಷ ಇರುವುದಿಲ್ಲ. ಮೊದಲ ತಿಂಗಳು ಪೂರ್ತಿ ಬಾಕಿ, ಎರಡನೇ ತಿಂಗಳು 44,285, ಹೀಗೆ ಇಳಿಯುತ್ತಾ ಕೊನೇ ತಿಂಗಳಿಗೆ ನಾಲ್ಕು ಸಾವಿರದ ಚಿಲ್ಲರೆ. ಹನ್ನೆರಡು ತಿಂಗಳ ಬಾಕಿಯನ್ನು ಕೂಡಿಸಿ ಹನ್ನೆರಡರಿಂದ ಭಾಗಿಸಿದರೆ ಸರಾಸರಿ ಸುಮಾರು 26,600 ಮಾತ್ರ. ಅಂದರೆ ವರ್ಷವಿಡೀ ನಾನು ವಾಪರಿಸಿದ ಸಾಲ 26,600. ಅದಕ್ಕೆ 4,261 ಬಡ್ಡಿ ಅಂದರೆ ಶೇ 16. ಒಂಬತ್ತು ಅಂತ ಕಾಣುವುದು ಮೊದಲ ದಿನದ 48,000ಕ್ಕೆ ಹೋಲಿಸಿದಾಗ.

ಇನ್ನು ಉಳಿದದ್ದು ಸೇರಿಸಿ. ವರ್ಷದ ಬಡ್ಡಿಯ ಮೇಲಿನ ಜಿಎಸ್‌ಟಿ 767. ಫೀ ಮತ್ತು ಅದರ ಜಿಎಸ್‌ಟಿ 1,133. ಬಡ್ಡಿ ಸೇರಿ ಒಟ್ಟು 6,161 ರೂಪಾಯಿ ಜಾಸ್ತಿ ಕೊಟ್ಟ ಹಾಗಾಯಿತು. ಅದೇ 26,600ಕ್ಕೆ ಹಿಡಿದರೆ ಶೇ 23 ದಾಟುತ್ತದೆ. ಫೀ ಅನ್ನು ಮೊದಲ ತಿಂಗಳೇ ಕಿತ್ತುಕೊಳ್ಳುವುದರಿಂದ ಅದರ ಪೆಟ್ಟು ಜೋರು. ಆರೇ ತಿಂಗಳ ಕಂತು ಮಾಡಿಸಿದ್ದರೆ ಅಷ್ಟೇ ಫೀ ಅರ್ಧ ಅವಧಿಯ ಮೇಲೆ ಬಿದ್ದು ದರ ಇನ್ನೂ ಏರುತ್ತಿತ್ತು.

ಭಾವ ಇನ್ನೊಂದು ವಿಷಯ ಹೇಳಿದರು, ಅದು ನನಗೆ ಗೊತ್ತೇ ಇರಲಿಲ್ಲ. ಬ್ಯಾಂಕಿನಲ್ಲೋ ಸಂಘದಲ್ಲೋ ಮಾಮೂಲಿ ಸಾಲ ತೆಗೆದರೆ ಬಡ್ಡಿಯ ಮೇಲೆ ಜಿಎಸ್‌ಟಿ ಇಲ್ಲ. ಕ್ರೆಡಿಟ್ ಕಾರ್ಡಿನ ಬಡ್ಡಿಗೆ ಆ ವಿನಾಯಿತಿ ಇಲ್ಲ. ಹಾಗಾಗಿ ಎರಡೂ ಕಡೆ ಶೇ 16 ಅಂತಲೇ ಇದ್ದರೂ ಕಾರ್ಡಿನ 16 ನಿಜಕ್ಕೂ ಸುಮಾರು 19 ಆಗುತ್ತದೆ, ಫೀ ಬಿಟ್ಟು.

ನೀವೇ ಲೆಕ್ಕ ಹಾಕಬೇಕು ಅಂದರೆ ಮೊಬೈಲಿನ ಸ್ಪ್ರೆಡ್‌ಶೀಟ್‌ನಲ್ಲಿ ಇದನ್ನು ಹಾಕಿ:

```
=RATE(12,-4419,46867)*12
```

12 ಅಂದರೆ ತಿಂಗಳು. 4419 ಅಂದರೆ ಜಿಎಸ್‌ಟಿ ಸೇರಿ ತಿಂಗಳಿಗೆ ಸರಾಸರಿ ಕಟ್ಟುವುದು. 46867 ಅಂದರೆ 48,000ದಲ್ಲಿ ಫೀ ಮತ್ತು ಅದರ ತೆರಿಗೆ ಕಳೆದು ಉಳಿದದ್ದು. ನನಗೆ 0.234 ಬಂತು, ಅಂದರೆ ಶೇ 23.4.

ಡಿಸೆಂಬರ್‌ನಲ್ಲಿ ಕೆಂಪಡಿಕೆ ಕೊಟ್ಟು ದುಡ್ಡು ಬಂತು. ಆರು ಕಂತು ಆಗಿತ್ತು. ಉಳಿದದ್ದನ್ನು ಒಂದೇ ಸಲ ಕಟ್ಟಿ ಮುಗಿಸೋಣ ಅಂತ ಫೋನ್ ಮಾಡಿದೆ. ಬಾಕಿ ಅಸಲು 24,953, ಅವಧಿಗೆ ಮುಂಚೆ ಮುಗಿಸುವುದಕ್ಕೆ ಅದರ ಶೇ 3 ಶುಲ್ಕ, ಮೇಲೆ ಜಿಎಸ್‌ಟಿ, ಒಟ್ಟು 883 ಅಂದರು. ಮುಗಿಸದೆ ಕಂತಿನಲ್ಲೇ ಹೋದರೆ ಮುಂದಿನ ಆರು ತಿಂಗಳ ಬಡ್ಡಿ, ತೆರಿಗೆ ಸೇರಿ 1,389. ಉಳಿಯುವುದು 506 ರೂಪಾಯಿ! ಬಡ್ಡಿಯ ಮುಕ್ಕಾಲು ಪಾಲು ಮೊದಲ ಆರು ತಿಂಗಳಲ್ಲೇ ಹೋಗಿಬಿಟ್ಟಿತ್ತು. ಬೆಳೆ ಬಂದಾಗ ತೀರಿಸುವ ನಮ್ಮಂಥವರಿಗೆ ಈ ಶುಲ್ಕ ತುಂಬಾ ಮುಖ್ಯ. ಅದನ್ನು ಫೋನಿನಲ್ಲಿ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಡುವೆ ಜುಲೈನಲ್ಲಿ ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದಾಗ 32,000 ಕಟ್ಟಲು ಕಾರ್ಡ್ ಕೊಟ್ಟೆ, ಹೋಗಲಿಲ್ಲ. ನನ್ನ ಮಿತಿ 70,000. ಕಂತು ಮಾಡಿಸಿದರೂ ಬಾಕಿ ಅಸಲಿನಷ್ಟು ಮಿತಿ ಹಿಡಿದಿಟ್ಟಿರುತ್ತಾರೆ, ಕಟ್ಟಿದ ಹಾಗೆ ಸ್ವಲ್ಪ ಸ್ವಲ್ಪ ಬಿಡುತ್ತಾರೆ. ಕೌಂಟರ್ ಮುಂದೆ ನಿಂತು ತಂಗಿಗೆ ಫೋನ್ ಮಾಡಿ ದುಡ್ಡು ಹಾಕಿಸಿಕೊಂಡೆ. ಅಮ್ಮ ಒಳಗೆ ಆಕ್ಸಿಜನ್ ಮೇಲೆ ಇದ್ದರು. ಆ ಹತ್ತು ನಿಮಿಷ ಇನ್ನೂ ಮರೆತಿಲ್ಲ.

ಒಂದು ಮಾತು ನ್ಯಾಯವಾಗಿ ಹೇಳಬೇಕು. ಬಿಲ್ಲಿನ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಹೋಗುವುದು ಇದಕ್ಕಿಂತ ಕೆಟ್ಟದ್ದು. ತಿಂಗಳಿಗೆ ಶೇ 3.5 ಅಂದರೂ ವರ್ಷಕ್ಕೆ 42 ಆಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಕಂತೇ ವಾಸಿ. ಆದರೆ ನನಗೆ ದಾರಿ ಇತ್ತು. ಭಾವನ ಸಂಘದಲ್ಲಿ ಕೇಳಬಹುದಿತ್ತು, ಮನೆಯಲ್ಲಿದ್ದ ಬಂಗಾರ ಇಡಬಹುದಿತ್ತು. ಫೋನ್ ಬಂದ ಐದು ನಿಮಿಷದಲ್ಲಿ ಹ್ಞೂಂ ಅಂದುಬಿಟ್ಟೆ.

ನಿಮಗೆ ಫೋನ್ ಬಂದರೆ ಪರ್ಸೆಂಟ್ ಕೇಳಬೇಡಿ, ರೂಪಾಯಿ ಕೇಳಿ. ಫೀ, ಬಡ್ಡಿ, ಎರಡರ ಜಿಎಸ್‌ಟಿ ಎಲ್ಲಾ ಸೇರಿ ಕೊನೆಗೆ ನನ್ನ ಕೈಯಿಂದ ಹೋಗುವುದು ಎಷ್ಟು? ಆರು ತಿಂಗಳಿಗೆ ಮುಗಿಸಿದರೆ ಎಷ್ಟು? ಅದನ್ನು ಮೆಸೇಜಿನಲ್ಲಿ ಕಳಿಸಿ ಅನ್ನಿ. ಕಂತು ಮಾಡುವ ಮುಂಚೆಯೇ ಅಸಲು, ಬಡ್ಡಿ ಬೇರೆ ಬೇರೆಯಾಗಿ ತೋರಿಸಬೇಕು, ಬಡ್ಡಿ ಇರುವುದನ್ನು ಬಡ್ಡಿಯಿಲ್ಲದ ಕಂತು ಅಂತ ಹೇಳಬಾರದು ಅಂತ ರಿಸರ್ವ್ ಬ್ಯಾಂಕಿನ ನಿರ್ದೇಶನದಲ್ಲೇ ಇದೆ. ಹೇಳಿದ್ದಕ್ಕೂ ಬಿಲ್ಲಿಗೂ ತಾಳೆ ಆಗದಿದ್ದರೆ ಮೊದಲು ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಸರಿಯಾಗಿರದಿದ್ದರೆ cms.rbi.org.in ನಲ್ಲಿ ಒಂಬುಡ್ಸ್‌ಮನ್‌ಗೆ ಬರೆಯಬಹುದು, ಖರ್ಚಿಲ್ಲ. ನಾನು ಬ್ಯಾಂಕಿಗೆ ಬರೆದಾಗ, ಶೇ 16 ಅಂತ ಇದ್ದ ಆ ಮೆಸೇಜನ್ನೇ ತೆಗೆದು ಕಳಿಸಿದರು. ಹುಡುಗಿ ಬಾಯಲ್ಲಿ ಹೇಳಿದ ಒಂಬತ್ತಕ್ಕೆ ನನ್ನ ಹತ್ತಿರ ಯಾವ ದಾಖಲೆಯೂ ಇರಲಿಲ್ಲ.