ಗೇಮ್ ಐಡಿ ತಗೊಳ್ಳೋರು ಓದಿ: ಮಾರಿದವ್ನೇ ವಾಪಸ್ ಎಳ್ಕೊಳ್ತಾನೆ

ಯಾರಾದ್ರೂ ಸೆಕೆಂಡ್ ಹ್ಯಾಂಡ್ ಗೇಮ್ ಐಡಿ ತಗೊಳ್ಳೋಕೆ ಹೊರಟಿದ್ರೆ ದುಡ್ಡು ಕಳ್ಸೋ ಮುಂಚೆ ದಯವಿಟ್ಟು ಇದನ್ನ ಓದಿ. ದುಡ್ಡು ತಗೊಂಡು ಪಾಸ್‌ವರ್ಡ್ ಕೊಡದೆ ಓಡಿಹೋಗೋರ ಬಗ್ಗೆ ಎಲ್ರಿಗೂ ಗೊತ್ತಿದೆ ಬಿಡಿ. ನಂಗೆ ಐಡಿ ಸಿಕ್ತು, ಪಾಸ್‌ವರ್ಡ್ ಸಿಕ್ತು, ಲಿಂಕ್ ಆಗಿದ್ದ ಜಿಮೇಲೂ ಸಿಕ್ತು. ಆದ್ರೂ ಇವತ್ತು ಕೈಯಲ್ಲಿ ಏನೂ ಇಲ್ಲ.

ಗ್ರೂಪ್ ಅಡ್ಮಿನ್ನೇ ಮಿಡಲ್‌ಮ್ಯಾನ್. ದುಡ್ಡು ಅವ್ನ ಹತ್ರ ಇಟ್ಟೆ, ಮಾರೋನು ಲಾಗಿನ್ ಕೊಟ್ಟ, ನಾನು ಒಳಗೆ ಹೋಗಿ ಸ್ಕಿನ್ಸ್ ಎಲ್ಲಾ ಇದ್ಯಾ ಅಂತ ಒಂದೊಂದೇ ನೋಡ್ದೆ, ಪಾಸ್‌ವರ್ಡ್ ಬದಲಾಯಿಸ್ದೆ, ಜಿಮೇಲಲ್ಲಿ ಅವ್ನ ನಂಬರ್ ತೆಗ್ದು ನಂದು ಹಾಕ್ದೆ, ಟೂ ಸ್ಟೆಪ್ ವೆರಿಫಿಕೇಶನ್ ಆನ್ ಮಾಡ್ದೆ, ಆಮೇಲೇ ಓಕೆ ಅಂದಿದ್ದು. ಇದಕ್ಕಿಂತ ಜಾಸ್ತಿ ಇನ್ನೇನು ಮಾಡ್ಬೇಕು ಹೇಳಿ?

ಕೆಲವು ವಾರ ಆರಾಮಾಗಿ ಆಡ್ದೆ. ಹೆಸರು ಬದಲಾಯಿಸ್ಕೊಂಡೆ, ನನ್ನ ದುಡ್ಡಲ್ಲಿ ಒಂದು ಹೊಸ ಸ್ಕಿನ್ನೂ ತಗೊಂಡೆ. ಒಂದಿನ ಮ್ಯಾಚ್ ಮಧ್ಯ ಸ್ಕ್ರೀನ್ ಮೇಲೆ 'ಈ ಅಕೌಂಟ್ ಬೇರೆ ಡಿವೈಸಲ್ಲಿ ಲಾಗಿನ್ ಆಗಿದೆ' ಅಂತ ಬಂತು. ನೆಟ್ ಪ್ರಾಬ್ಲಂ ಅನ್ಕೊಂಡೆ. ಮತ್ತೆ ಲಾಗಿನ್ ಮಾಡಿದ್ರೆ ಹೊಸ ಐಡಿ ಓಪನ್ ಆಯ್ತು, ಲೆವೆಲ್ ಒಂದು. ಹೊಟ್ಟೆ ಒಳಗೆ ತಣ್ಣಗಾಗೋಯ್ತು. ಜಿಮೇಲ್ ನೋಡಿದ್ರೆ ಗೇಮ್ ಸಪೋರ್ಟ್‌ನವ್ರ ಮೇಲ್, ನಿಮ್ಮ ಮನವಿ ಪ್ರಕಾರ ಅಕೌಂಟ್‌ನ ಇಮೇಲ್ ಬದಲಾಯಿಸಿದ್ದೀವಿ ಅಂತ. ಯಾರ ಮನವಿ?

ಮಾರಿದವ್ನಿಗೆ ಮೆಸೇಜ್ ಹಾಕ್ದೆ. ಮೊದ್ಲು "ಬ್ರೋ ನಂಗೇನೂ ಗೊತ್ತಿಲ್ಲ, ನಿಮ್ ಫೋನ್ ಹ್ಯಾಕ್ ಆಗಿರ್ಬೇಕು" ಅಂದ. ಸಪೋರ್ಟ್ ಮೇಲ್‌ನ ಸ್ಕ್ರೀನ್‌ಶಾಟ್ ಕಳಿಸ್ದೆ. "ನಾನೂ ಬೇರೆಯವ್ರ ಹತ್ರ ತಗೊಂಡಿದ್ದು ಬ್ರೋ, ಮೊದಲನೇ ಓನರ್ ಮಾಡಿರ್ಬೇಕು." ಡೀಲ್ ಟೈಮಲ್ಲಿ ಏನಂದಿದ್ದ ಗೊತ್ತಾ? "ನಾನೇ ಫಸ್ಟ್ ಓನರ್, ಕಣ್ಮುಚ್ಚಿ ತಗೊಳ್ಳಿ." ಆ ಮೆಸೇಜ್ ಅವ್ನಿಗೇ ಫಾರ್ವರ್ಡ್ ಮಾಡ್ದೆ. ಬ್ಲೂ ಟಿಕ್ ಬಂತು, ತುಂಬಾ ಹೊತ್ತು ಟೈಪಿಂಗ್, ಕೊನೆಗೆ "ಇನ್ನರ್ಧ ಅಮೌಂಟ್ ಹಾಕಿ, ಮಾತಾಡಿ ಕೊಡಿಸ್ತೀನಿ" ಅಂದ! ನನ್ನ ಐಡಿ ನಂಗೇ ಎರಡ್ನೇ ಸಲ ಮಾರ್ತಿದಾನೆ! ಬಾಯಿಗೆ ಬಂದಂಗೆ ಬೈದೆ, ಬ್ಲಾಕ್ ಮಾಡ್ದ. ಅಡ್ಮಿನ್ ಕೇಳಿದ್ರೆ "ಲಾಗಿನ್ ಆಗಿ ನೀವೇ ಓಕೆ ಅಂದ್ರಲ್ಲ ಸರ್, ಡೀಲ್ ಕ್ಲೋಸ್" ಅಂತೆ. ಕಮಿಷನ್ ತಗೊಳ್ಳೋವಾಗ ಬ್ರದರ್ ಆಗಿದ್ದೆ, ಈಗ ಸರ್.

ಇಂಥ ಮಾರೋರು ಮಾಡೋದು ಹೀಗೆ. ಪಾಸ್‌ವರ್ಡ್ ಯಾರ ಹತ್ರ ಇದೆ ಅನ್ನೋದು ಸಪೋರ್ಟ್‌ನವ್ರಿಗೆ ಮುಖ್ಯ ಆಗಲ್ಲ, ಅಕೌಂಟ್ ಶುರು ಮಾಡಿದ್ದು ಯಾರು ಅಂತ ನೋಡ್ತಾರೆ. ಯಾವಾಗ ಮಾಡಿದ್ದು, ಯಾವ ಫೋನಲ್ಲಿ, ಹಳೇ ಹೆಸರೇನು, ದುಡ್ಡು ಕೊಟ್ಟು ತಗೊಂಡಿದ್ರ ರಸೀದಿ ಇಂಥದ್ದನ್ನೇ ಕೇಳೋದು. ಪ್ಲೇ ಸ್ಟೋರ್ ರಸೀದಿಲಿ GPA. ಅಂತ ಶುರುವಾಗೋ ಆರ್ಡರ್ ನಂಬರ್ ಇರತ್ತಲ್ಲ, ಅದು ಮಾರಿದವ್ನ ಹತ್ರನೇ ಉಳ್ದಿರತ್ತೆ. 'ನನ್ನ ಅಕೌಂಟ್ ಹ್ಯಾಕ್ ಆಗಿದೆ' ಅಂತ ಅದನ್ನ ಕೊಟ್ರೆ ಕಾಗದದ ಮೇಲೆ ಅವ್ನು ಓನರ್, ಕಳ್ಳ ನಾವು. ಅಷ್ಟೊಂದು ಸ್ಕಿನ್ಸ್ ಇದ್ದ ಐಡಿ ಜೊತೆ ಬಂದ ಜಿಮೇಲಲ್ಲಿ ಒಂದೇ ಒಂದು ರಸೀದಿ ಇರ್ಲಿಲ್ಲ, ಇನ್‌ಬಾಕ್ಸ್ ಗುಡಿಸಿ ಇಟ್ಟಿದ್ದ ಬಡ್ಡಿಮಗ. ಜಿಮೇಲ್ ಕಥೆನೂ ಅಷ್ಟೇ, ರಿಕವರಿ ನಂಬರ್ ಬದಲಾಯಿಸಿದ್ಮೇಲೂ 7 ದಿನ ಹಳೇ ನಂಬರ್‌ಗೆ ಕೋಡ್ ತರಿಸ್ಕೊಳ್ಳೋ ದಾರಿ ಗೂಗಲ್ ಬಿಟ್ಟಿರತ್ತೆ.

ನಾನೂ ಸಪೋರ್ಟ್‌ಗೆ ಬರ್ದೆ, ದುಡ್ಡು ಕೊಟ್ಟು ತಗೊಂಡಿದೀನಿ, ಚಾಟ್ ಇದೆ, ಪೇಮೆಂಟ್ ಪ್ರೂಫ್ ಇದೆ ಅಂತ ಎಲ್ಲಾ ಹಾಕ್ದೆ. ಅಕೌಂಟ್ ಮಾರೋದು ಕೊಳ್ಳೋದು ನಿಯಮಕ್ಕೆ ವಿರುದ್ಧ, ಅಕೌಂಟ್ ಬ್ಯಾನ್ ಮಾಡಿದ್ದೀವಿ ಅಂತ ಉತ್ತರ ಬಂತು. ನಾನು ಕೊಟ್ಟ ಪ್ರೂಫೇ ಅದಕ್ಕೆ ಸಾಕ್ಷಿ ಆಯ್ತು. ನಾನು ದುಡ್ಡು ಹಾಕಿ ತಗೊಂಡ ಸ್ಕಿನ್ನೂ ಅದ್ರ ಜೊತೆಗೇ ಹೋಯ್ತು.

ತಗೊಳ್ಳಲೇಬೇಕು ಅನ್ನೋರು ಮೊದಲನೇ ರಸೀದಿ ಕೇಳಿ, "ಡಿಲೀಟ್ ಆಗೋಯ್ತು ಬ್ರೋ" ಅಂದ್ರೆ ಅಲ್ಲೇ ಬಿಡಿ. ರಸೀದಿ ಕೊಟ್ರೂ ಅದ್ರ ಕಾಪಿ ಅವ್ನ ಹತ್ರ ಇದ್ದೇ ಇರತ್ತೆ, ಹಾಗಾಗಿ ನನ್ನ ಕೇಳಿದ್ರೆ ತಗೊಳ್ಳಲೇಬೇಡಿ. ಮಿಡಲ್‌ಮ್ಯಾನ್ ನೋಡ್ಕೊಳ್ಳೋದು ಕೈ ಬದಲಾಗೋ ಆ ಹತ್ತು ನಿಮಿಷ ಮಾತ್ರ.

ಇನ್ನೊಂದು. ನಿನ್ನೆ ಬೇರೆ ಗ್ರೂಪಲ್ಲಿ ಅದೇ ಐಡಿ ಸೇಲ್‌ಗೆ ಬಂದಿದೆ, ಸ್ಕ್ರೀನ್‌ಶಾಟಲ್ಲಿ ನಾನಿಟ್ಟ ಹೆಸರೇ ಇದೆ, ನಾನ್ ತಗೊಂಡ ಸ್ಕಿನ್ನೇ ಹಾಕಿದೆ, ಕೆಳಗೆ "ಫಸ್ಟ್ ಓನರ್" ಅಂತ ಬೇರೆ. ಬ್ಯಾನ್ ಆಗಿರೋ ಐಡಿ ಅದು, ಲೈವ್ ಲಾಗಿನ್ ತೋರ್ಸು ಅಂತ ಕೇಳಿ ನೋಡಿ, ತೋರ್ಸಲ್ಲ.